ಮೇಜಿನ ಮೇಲೆ ಸುರಿದ ಬಿಡಿ ಮಾತ್ರೆಗಳ ಫೋಟೋ ನೋಡಿ ಯಾವುದು ಏನು ಅಂತ ಹೇಳಬಹುದಾ?

ಕೇಳಿದವರು, ಮಧುಗಿರಿ

ನಮ್ಮ ಅತ್ತೆ, ಮಾವ ಇಬ್ಬರಿಗೂ ದಿನಾ ಮಾತ್ರೆ ಇವೆ. ಧರ್ಮಸ್ಥಳಕ್ಕೆ ಹೊರಡುವಾಗ ಬ್ಯಾಗಿನಲ್ಲಿ ಜಾಗ ಸಾಲದು ಅಂತ ಅತ್ತೆ ಎಲ್ಲವನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿದ್ದಾರೆ. ಖಾಲಿ ಸ್ಟ್ರಿಪ್‌ಗಳು ಕಸದ ಗಾಡಿಗೆ ಹೋದವು. ಈಗ ಮೇಜಿನ ಮೇಲೆ ಸುರಿದು ಫೋಟೋ ತೆಗೆದು ಹಾಕಿದ್ದೇನೆ. ಶುಗರ್‌ದು ಯಾವುದು, ಬಿಪಿದು ಯಾವುದು ಅಂತ ಗೊತ್ತಿರುವವರು ಹೇಳಿ. ಹೀಗೆ ಆದಾಗ ನೀವು ಏನು ಮಾಡಿದಿರಿ?

ನಿವೃತ್ತ ಮೇಷ್ಟ್ರು, ತಿಪಟೂರು

ಗಾಬರಿ ಬೇಡಮ್ಮ. ಒಂದೊಂದು ಮಾತ್ರೆಯ ಮೇಲೂ ಅಕ್ಷರ, ನಂಬರ್ ಒತ್ತಿರುತ್ತಾರೆ. ಅದನ್ನು ಇಂಟರ್ನೆಟ್‌ನಲ್ಲಿ ಹಾಕಿದರೆ ಹೆಸರು ಬಂದುಬಿಡುತ್ತದೆ. ಅಮೆರಿಕದಲ್ಲಿರುವ ನನ್ನ ಮಗಳು ಹಾಗೆ ಹುಡುಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಫೋಟೋ ಇನ್ನೂ ಸ್ವಲ್ಪ ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.

ಫಾರ್ಮಸಿಸ್ಟ್, ತುಮಕೂರು

ಮೇಷ್ಟ್ರು ಹೇಳಿದ್ದು ಅಮೆರಿಕದ ಮಟ್ಟಿಗೆ ನಿಜ. ಅಲ್ಲಿ ಮಾರುವ ಬಹುತೇಕ ಎಲ್ಲ ಮಾತ್ರೆಗಳ ಮೇಲೂ ಗುರುತು ಒತ್ತಿರಲೇಬೇಕು ಅಂತ ನಿಯಮ ಇದೆ. ಆ ಗುರುತು ನೋಡಿದರೆ ಕಂಪನಿ, ಔಷಧ, ಎಷ್ಟು ಮಿಲಿಗ್ರಾಂ ಎಲ್ಲ ತಿಳಿಯುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹೆಸರು, ಮಿಲಿಗ್ರಾಂ, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಸ್ಟ್ರಿಪ್ ಮೇಲೆ ಇರುತ್ತವೆ, ಮಾತ್ರೆ ಮೇಲೆ ಅಲ್ಲ. ನಮ್ಮ ಅಂಗಡಿಯ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಮಧ್ಯೆ ಒಂದು ಗೀಟು ಇರುತ್ತದೆ ಅಷ್ಟೇ, ಕೆಲವಕ್ಕೆ ಅದೂ ಇರುವುದಿಲ್ಲ. ಕೆಲವು ಕಂಪನಿಗಳು ಮಾತ್ರ ತಮ್ಮ ಗುರುತು ಒತ್ತುತ್ತವೆ. ಆ ಅಮೆರಿಕದ ಪಟ್ಟಿಯಲ್ಲಿ ನಮ್ಮ ಮಾತ್ರೆ ಹುಡುಕಿದರೆ ಅದೇ ಅಕ್ಷರ ಇರುವ ಬೇರೆ ಯಾವುದೋ ಔಷಧ ಸಿಗಬಹುದು. ಏನೂ ಸಿಗದಿರುವುದಕ್ಕಿಂತ ಅದು ಹೆಚ್ಚು ಅಪಾಯ.

ಇನ್ನು ನಿಮ್ಮ ಫೋಟೋ. ಬಲಗಡೆ ಗುಂಪಾಗಿ ಬಿದ್ದಿರುವ ಬಿಳಿ ದುಂಡು ಮಾತ್ರೆಗಳನ್ನೇ ನೋಡಿ. ಅವು ಅಮ್ಲೋಡಿಪಿನ್ 5 ಆಗಬಹುದು, ಅಟೆನೊಲಾಲ್ 50 ಆಗಬಹುದು, ಡಿಜಾಕ್ಸಿನ್ ಆಗಬಹುದು, ಥೈರಾಯ್ಡ್ ಮಾತ್ರೆಯೂ ಆಗಬಹುದು. ಕೈಯಲ್ಲಿ ಹಿಡಿದರೆ ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸ ತಿಳಿಯಬಹುದೇನೋ. ಫೋಟೋದಲ್ಲಿ ಅದೂ ಹೋಗುತ್ತದೆ. ನಾಣ್ಯ ಇಟ್ಟರೂ ಪ್ರಯೋಜನ ಕಡಿಮೆ, ಒಂದು ರೂಪಾಯಿ ನಾಣ್ಯದಲ್ಲೇ ಬೇರೆ ಬೇರೆ ಅಳತೆಯವು ಚಲಾವಣೆಯಲ್ಲಿವೆ. ಎಡಗಡೆಯವು ನನಗೆ ಕೆನೆ ಬಣ್ಣದವಾಗಿ ಕಾಣುತ್ತಿವೆ. ನಿಮ್ಮ ಮನೆಯ ಬಲ್ಬಿನ ಹಳದಿ ಬೆಳಕು ಬಿದ್ದಿದೆಯೋ, ಮಾತ್ರೆಯೇ ಆ ಬಣ್ಣವೋ ಹೇಳಲು ಆಗುವುದಿಲ್ಲ. ಬೆಳಕಿಗೆ ತಕ್ಕಂತೆ ಮೊಬೈಲು ತಾನೇ ಬಣ್ಣ ಬದಲಿಸುತ್ತದೆ. ವಾಟ್ಸಾಪ್‌ನಲ್ಲಿ ದಾಟಿ ಬಂದ ಫೋಟೋದಲ್ಲಿ ಸಣ್ಣ ಗೀಟುಗಳು ಅಳಿಸಿಹೋಗುತ್ತವೆ. ಮಗುಚಿ ಬಿದ್ದ ಮಾತ್ರೆಯ ಇನ್ನೊಂದು ಮುಖವಂತೂ ಕಾಣುವುದೇ ಇಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಸರಿ ಹೇಳುವ ಗಟ್ಟಿಗ ಸಿಕ್ಕ ಅಂತಲೇ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಎಂಟು ಬಗೆ ಮಾತ್ರೆ ಇದ್ದರೆ, ಎಂಟೂ ಸರಿ ಬರುವ ಸಾಧ್ಯತೆ ನೂರಕ್ಕೆ 43 ಅಷ್ಟೇ. ಅಂದರೆ ಒಂದಾದರೂ ತಪ್ಪಾಗುವ ಸಂಭವವೇ ಜಾಸ್ತಿ. ಆ ತಪ್ಪು ಯಾವುದರಲ್ಲಿ ಅಂತ ಅವನಿಗೂ ಗೊತ್ತಿರುವುದಿಲ್ಲ.

ಮೊದಲು ಡಬ್ಬಿ ಮುಚ್ಚಿ ಪಕ್ಕಕ್ಕೆ ಇಡಿ, ಅದರಿಂದ ಒಂದೂ ಕೊಡಬೇಡಿ. ಡಾಕ್ಟರ್ ಬರೆದ ಚೀಟಿ, ಮೆಡಿಕಲ್ ಬಿಲ್ ಮನೆಯಲ್ಲಿ ಇದ್ದರೆ ಅದರಲ್ಲಿರುವ ಹೆಸರುಗಳನ್ನು ಇಲ್ಲಿ ಹಾಕಿ.

ಗೃಹಿಣಿ, ಗುಬ್ಬಿ

ನಮ್ಮದೂ ಇದೇ ಕಥೆ ಸರ್. ನಮ್ಮ ಅಮ್ಮನಿಗೆ ಅಂಗಡಿಯಲ್ಲಿ ಐದು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಹೆಸರು ಅರ್ಧ ಮಾತ್ರ ಇರುತ್ತದೆ, ಎಕ್ಸ್‌ಪೈರಿ ಇರುವುದೇ ಇಲ್ಲ. ನನ್ನ ಹತ್ತಿರ ಈಗ ಅಂಥದ್ದೊಂದು ತುಂಡು ಇದೆ, ಫೋಟೋ ಕಳಿಸಲಾ?

ಫಾರ್ಮಸಿಸ್ಟ್, ತುಮಕೂರು

ನಿಮ್ಮದು ಬೇರೆ ಸಮಸ್ಯೆ ಅಕ್ಕ, ಇದಕ್ಕಿಂತ ಎಷ್ಟೋ ವಾಸಿ. ಮಾತ್ರೆ ಇನ್ನೂ ಫಾಯಿಲ್ ಒಳಗೇ ಇದೆ. ಅರ್ಧ ಹೆಸರಿನ ಜೊತೆ ಬಿಲ್ ಇಟ್ಟು ನೋಡಿದರೆ ಕೊಟ್ಟ ಅಂಗಡಿಯವರಿಗೆ ಗೊತ್ತಾಗುತ್ತದೆ. ಇಲ್ಲಿ ಹಾಕುವುದಕ್ಕಿಂತ ಅವರಿಗೇ ತೋರಿಸಿ. ಮುಂದಿನ ಸಲ ಎಕ್ಸ್‌ಪೈರಿ ಇರುವ ಕಡೆಯ ತುಂಡನ್ನು ಕೇಳಿ ತೆಗೆದುಕೊಳ್ಳಿ, ಅದನ್ನು ಕೊನೆಯಲ್ಲಿ ಬಳಸಿ.

ಕೇಳಿದವರು, ಮಧುಗಿರಿ

ಬಿಲ್ ಸಿಕ್ಕಿತು. ಮಾವನಿಗೆ ಮೆಟ್‌ಫಾರ್ಮಿನ್ 500 ಎಸ್‌ಆರ್, ಗ್ಲಿಮಿಪಿರೈಡ್ 1, ಟೆಲ್ಮಿಸಾರ್ಟನ್ 40, ಅಟೊರ್ವಾಸ್ಟಾಟಿನ್ 10. ಅತ್ತೆಗೆ ಅಮ್ಲೋಡಿಪಿನ್ 5, ಕ್ಯಾಲ್ಸಿಯಂ, ಫೋಲಿಕ್ ಆಸಿಡ್ 5. ಇನ್ನೊಂದು ಮೆಥೊಟ್ರೆಕ್ಸೇಟ್ 2.5, ಅದು ಕೈಕಾಲಿನ ಸಂಧಿವಾತಕ್ಕೆ ಕೊಟ್ಟಿದ್ದು. ಸಣ್ಣ ಹಳದಿ ಮಾತ್ರೆಗಳು ಫೋಲಿಕ್ ಆಸಿಡ್ ಅಂತ ನನಗೆ ಗ್ಯಾರಂಟಿ ಗೊತ್ತು. ಅದನ್ನಾದರೂ ಕೊಡಬಹುದು ಅಲ್ವಾ?

ಫಾರ್ಮಸಿಸ್ಟ್, ತುಮಕೂರು

ಬೇಡ. ದಯವಿಟ್ಟು ಅದನ್ನು ಮಾತ್ರ ಕೊಡಲೇಬೇಡಿ. ನಿಮ್ಮ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಆ ಹಳದಿ ಮಾತ್ರೆಯೇ.

ಫೋಲಿಕ್ ಆಸಿಡ್ ಸಾಮಾನ್ಯವಾಗಿ ಸಣ್ಣ ಹಳದಿ ಮಾತ್ರೆ. ಮೆಥೊಟ್ರೆಕ್ಸೇಟ್ 2.5 ಕೂಡ ಎಷ್ಟೋ ಕಂಪನಿಗಳದ್ದು ಸಣ್ಣ ಹಳದಿ ಮಾತ್ರೆಯೇ. ಡಾಕ್ಟರು ಇವೆರಡನ್ನೂ ಒಬ್ಬರಿಗೇ ಬರೆಯುತ್ತಾರೆ, ಹಾಗಾಗಿ ಒಂದೇ ಮನೆಯಲ್ಲಿ, ಒಂದೇ ಡಬ್ಬಿಯಲ್ಲಿ ಸೇರುತ್ತವೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಫೋಲಿಕ್ ಆಸಿಡ್ ಕೊಡುವುದು ಅದರ ಕೆಟ್ಟ ಪರಿಣಾಮ ತಗ್ಗಿಸಲು. ನೀವು ಫೋಲಿಕ್ ಅಂತ ದಿನಾ ಕೊಟ್ಟಿದ್ದು ಮೆಥೊಟ್ರೆಕ್ಸೇಟ್ ಆಗಿದ್ದರೆ, ರಕ್ತಕಣ ಹುಟ್ಟುವ ಮೂಳೆಮಜ್ಜೆಗೇ ಪೆಟ್ಟು ಬೀಳುತ್ತದೆ. ಹೀಗೆ ದಿನಾ ತಿಂದು ಜೀವ ಹೋದದ್ದೂ ಇದೆ.

ಆ ಡಬ್ಬಿಯನ್ನು ಬರಿಗೈಯಲ್ಲಿ ಕೆದಕಬೇಡಿ. ಮನೆಯಲ್ಲಿ ಬಸುರಿ ಹೆಂಗಸರು ಇದ್ದರೆ ಅವರು ಮುಟ್ಟಲೇಬಾರದು. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಬಿಸಾಕಿ, ಕೈ ತೊಳೆದುಕೊಳ್ಳಿ. ಒಂದಕ್ಕೊಂದು ಉಜ್ಜಿ ಮಾತ್ರೆಯ ಪುಡಿ ಉದುರಿರುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಧರ್ಮಸ್ಥಳದಲ್ಲಿ, ಬಂದ ಮೇಲೆ, ಅತ್ತೆ ಆ ಡಬ್ಬಿಯಿಂದ ಮಾತ್ರೆ ತೆಗೆದುಕೊಂಡಿದ್ದಾರಾ?

ನಿವೃತ್ತ ಮೇಷ್ಟ್ರು, ತಿಪಟೂರು

ಸರ್, ಒಂದು ಮಾತು. ಎಲ್ಲದಕ್ಕೂ ಹೆದರಿಸಿದರೆ ಹೇಗೆ? ಬಿಲ್ ಇದೆ, ಯಾವುದು ಎಷ್ಟು ಮಾತ್ರೆ ಅಂತ ಅದರಲ್ಲೇ ಇದೆ. ಬಣ್ಣ, ಆಕಾರ ನೋಡಿ ವಿಂಗಡಿಸಿ ಎಣಿಸಲಿ. ಮೂವತ್ತು ಇದ್ದದ್ದು ಇದು, ಹದಿನೈದು ಇದ್ದದ್ದು ಅದು ಅಂತ ಲೆಕ್ಕ ಕೂಡಿಬರುತ್ತದೆ. ಬಡವರ ಮನೆಯಲ್ಲಿ ತಿಂಗಳ ಮಾತ್ರೆ ಎಸೆಯುವುದು ಸುಲಭದ ಮಾತಲ್ಲ.

ಫಾರ್ಮಸಿಸ್ಟ್, ತುಮಕೂರು

ದುಡ್ಡಿನ ಮಾತು ನಿಜ ಮೇಷ್ಟ್ರೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಎಣಿಸುವುದರಿಂದ ಸ್ವಲ್ಪ ತಿಳಿಯುತ್ತದೆ ಕೂಡ. ಉದ್ದನೆಯ ದೊಡ್ಡ ಬಿಳಿ ಮಾತ್ರೆ ಮೆಟ್‌ಫಾರ್ಮಿನ್ ಇರಬಹುದು ಅಂತ ನಾನೂ ಊಹಿಸಬಲ್ಲೆ. ಆದರೆ ಕ್ಯಾಲ್ಸಿಯಂ ಕೂಡ ಉದ್ದನೆಯ ದೊಡ್ಡ ಮಾತ್ರೆಯಾಗಿ ಬರುತ್ತದೆ. ಬಿಲ್‌ನಲ್ಲಿ ಎರಡೂ ಮೂವತ್ತು ಇದ್ದರೆ ಎಣಿಕೆಯಿಂದ ಏನು ತಿಳಿಯಿತು? ನಡುವೆ ಒಂದೆರಡು ದಿನ ಮರೆತಿರುತ್ತಾರೆ, ಹಳೆಯ ಸ್ಟ್ರಿಪ್‌ನಲ್ಲಿ ಉಳಿದಿದ್ದನ್ನೂ ಸೇರಿಸಿರುತ್ತಾರೆ. ಹೋದ ತಿಂಗಳು ಡಾಕ್ಟರ್ ಗ್ಲಿಮಿಪಿರೈಡ್ 2 ರಿಂದ 1 ಕ್ಕೆ ಇಳಿಸಿದ್ದರೆ ಹಳೆಯ 2 ಕೂಡ ಅದೇ ಡಬ್ಬಿಯಲ್ಲಿ ಇರಬಹುದು. ಅದರ ಬಣ್ಣ ಒಂದೊಂದು ಕಂಪನಿಗೆ ಒಂದೊಂದು. ಊಟ ಕಡಿಮೆ ಮಾಡುವ ವಯಸ್ಸಾದವರಿಗೆ ಒಂದರ ಬದಲು ಎರಡು ಮಿಲಿಗ್ರಾಂ ಬಿದ್ದರೆ ಸಕ್ಕರೆ ತೀರಾ ಕುಸಿದು ರಾತ್ರಿ ನಿದ್ದೆಯಲ್ಲೇ ಬೆವರಿ ಪ್ರಜ್ಞೆ ತಪ್ಪಬಹುದು.

ಊಹೆ ಸರಿಯಾಯಿತು ಅಂತಲೇ ಇಟ್ಟುಕೊಳ್ಳಿ. ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದಕ್ಕೇ ಅದನ್ನು ದಪ್ಪ ಅಲ್ಯುಮಿನಿಯಂ ಹಾಳೆಯಲ್ಲಿ ಕಟ್ಟುವುದು. ಘಟ್ಟದ ಕೆಳಗೆ ಹೋಗಿಬಂದ ಡಬ್ಬಿಯಲ್ಲಿ ಅದು ಹೇಗಿದೆಯೋ ಯಾರು ಬಲ್ಲರು.

ಅದಕ್ಕೆ ಮಾತ್ರೆಯಿಂದ ಹೆಸರಿಗೆ ಹೋಗುವುದು ಬಿಡಿ. ಹೆಸರು ನಿಮ್ಮ ಕೈಯಲ್ಲೇ ಇದೆಯಲ್ಲ, ಅಲ್ಲಿಂದ ಹೊಸ ಮಾತ್ರೆಗೆ ಹೋಗಿ. ಬಿಲ್, ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ಈಗ ನಡೆಯುತ್ತಿರುವ ಡೋಸ್ ಇದೇನಾ ಅಂತ ಕೇಳಿ ಹೊಸದಾಗಿ ಬರೆಸಿಕೊಳ್ಳಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ. ಉಳಿದದ್ದಕ್ಕೆ ಜನೌಷಧಿ ಅಂಗಡಿ ಇದೆ. ಎಲ್ಲ ಹೆಸರೂ ಅಲ್ಲಿ ಸಿಗುತ್ತದೆ ಅಂತ ಭರವಸೆ ಕೊಡಲಾರೆ. ಅಲ್ಲಿ ಸಿಗುವ ಅದೇ ಔಷಧ ನೋಡಲು ಬೇರೆ ಥರ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಕೇಳಿದವರು, ಮಧುಗಿರಿ

ಅತ್ತೆಯನ್ನು ಕೇಳಿದೆ. ಪ್ರವಾಸದಲ್ಲಿ ದಿನಾ ಒಂದು ಹಳದಿ ಮಾತ್ರೆ ನುಂಗಿದ್ದಾರಂತೆ, ಬಂದ ಮೇಲೂ. ಯಾವ ಹಳದಿ ಅಂತ ಅವರಿಗೂ ಗೊತ್ತಿಲ್ಲ. ಬಾಯಿ ಹುಣ್ಣಾಗಿದೆ, ಊಟ ಖಾರ ಆಗುತ್ತೆ ಅಂತ ಮೂರ್ನಾಲ್ಕು ದಿನದಿಂದ ಹೇಳುತ್ತಿದ್ದರು. ಪ್ರಯಾಣದ ಉಷ್ಣ ಅಂದುಕೊಂಡು ಮಜ್ಜಿಗೆ ಕೊಡುತ್ತಿದ್ದೆವು.

ಫಾರ್ಮಸಿಸ್ಟ್, ತುಮಕೂರು

ಉಷ್ಣ ಇರಬಹುದು, ಇಲ್ಲದಿರಬಹುದು. ಮೆಥೊಟ್ರೆಕ್ಸೇಟ್ ಜಾಸ್ತಿ ಆದಾಗ ಮೊದಲು ಕಾಣುವ ಗುರುತುಗಳಲ್ಲಿ ಬಾಯಿ ಹುಣ್ಣೂ ಒಂದು. ನಾಳೆಗೆ ಕಾಯಬೇಡಿ, ಈಗಲೇ ಹೊರಡಿ. ಜ್ವರ, ಒಸಡಿನಲ್ಲಿ ರಕ್ತ, ಭೇದಿ ಏನಾದರೂ ಇದ್ದರೆ 108 ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಹುಣ್ಣಾಗಿದೆ" ಅಂತಷ್ಟೇ ಹೇಳಬೇಡಿ. "ವಾರಕ್ಕೊಮ್ಮೆ ತಿನ್ನುವ ಮೆಥೊಟ್ರೆಕ್ಸೇಟ್ ದಿನಾ ತಿಂದಿರಬಹುದು" ಅಂತ ಮೊದಲ ಮಾತಲ್ಲೇ ಹೇಳಿ. ರಕ್ತಕಣ, ಕಿಡ್ನಿ, ಲಿವರ್ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಕೊಡುವ ಮದ್ದು ಬೇಗ ಕೊಟ್ಟಷ್ಟೂ ಒಳ್ಳೆಯದು. ಮುಚ್ಚಿದ ಡಬ್ಬಿ, ಬಿಲ್ ಎರಡೂ ಜೊತೆಗಿರಲಿ.

ನಿವೃತ್ತ ಮೇಷ್ಟ್ರು, ತಿಪಟೂರು

ತಾಯಿ, ಮೊದಲು ಹೊರಡಿ. ಎಣಿಸುವ ಮಾತು ಬಿಡಿ. ಆದರೂ ಸರ್, ಮಾತ್ರೆ ಮೇಲೆ ಹೆಸರು ಒತ್ತಿಸುವ ನಿಯಮ ನಮ್ಮಲ್ಲೂ ಯಾಕೆ ತರಬಾರದು?

ಫಾರ್ಮಸಿಸ್ಟ್, ತುಮಕೂರು

ತಂದರೆ ಒಳ್ಳೆಯದೇ. ಆಗಲೂ ಫೋಟೋದಲ್ಲಿ ಮಗುಚಿ ಬಿದ್ದ ಮುಖ ಕಾಣುವುದಿಲ್ಲ ಮೇಷ್ಟ್ರೇ, ಎಕ್ಸ್‌ಪೈರಿಯೂ ತಿಳಿಯುವುದಿಲ್ಲ.

ಕೇಳಿದವರು, ಮಧುಗಿರಿ

ತುಮಕೂರಿನ ಆಸ್ಪತ್ರೆಗೆ ಬಂದಿದ್ದೇವೆ. ನೀವು ಹೇಳಿದ ಮಾತನ್ನೇ ಹೇಳಿದೆ, ತಕ್ಷಣ ರಕ್ತ ತೆಗೆದುಕೊಂಡರು. ಡಾಕ್ಟರ್ ಡಬ್ಬಿಯನ್ನು ತೆರೆದು ನೋಡಿ, ಹಳದಿಯಲ್ಲಿ ಯಾವುದು ಯಾವುದು ಅಂತ ಅವರೂ ಹೇಳಲಿಲ್ಲ. ಬಿಲ್ ನೋಡಿಯೇ ಬರೆದುಕೊಂಡರು. ರಿಪೋರ್ಟ್ ಇನ್ನೂ ಬಂದಿಲ್ಲ. ಮಾವನಿಗೆ ಇವತ್ತಿನ ಮಟ್ಟಿಗೆ ಬೇರೆ ಸ್ಟ್ರಿಪ್ ಬರೆದುಕೊಟ್ಟಿದ್ದಾರೆ.