ಸಹಾಯ ಬೇಕು: ತಂಗಿಯ ಕ್ಷಮೆ ಕೇಳುವ ಇಮೇಲ್ ಒಮ್ಮೆ ನೋಡಿಕೊಡಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಶಿರಸಿಯಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತಾಳೆ. ಕಾರವಾರದ ಒಂದು ಹೋಮ್‌ಸ್ಟೇಗೆ ಸೋಮವಾರ ಬ್ರೋಷರ್ ಬರಹ ಕೊಡಬೇಕಿತ್ತು, ಆಗಲಿಲ್ಲ. ಅವಳು ಬರೆದಿದ್ದು ಇದು:

“ಸರ್, ಸೋಮವಾರ ಕೊಡಬೇಕಿದ್ದ ಬರಹ ನಾನು ಕೊಡಲಿಲ್ಲ. ಮೊದಲೇ ತಿಳಿಸಲೂ ಇಲ್ಲ. ನಿಮ್ಮ ಪ್ರಿಂಟಿಂಗ್ ನಿಂತಿದೆ. ತೊಂದರೆ ಆಗಿದ್ದರೆ ಕ್ಷಮಿಸಿ. ಇಲ್ಲಿ ಮಳೆ ಜಾಸ್ತಿ, ಕರೆಂಟ್ ಇರಲಿಲ್ಲ, ನೆಟ್ಟೂ ಇರಲಿಲ್ಲ, ಫೋನ್ ಚಾರ್ಜ್ ಕೂಡ ಇರಲಿಲ್ಲ. 12 ಪುಟಗಳಲ್ಲಿ 8 ಈಗ ಕಳಿಸಿದ್ದೇನೆ. ಉಳಿದ 4 ಗುರುವಾರ ಸಂಜೆ 5ರೊಳಗೆ ಕಳಿಸುತ್ತೇನೆ.”

ಕಾಗುಣಿತ ತಪ್ಪಿದ್ದರೆ ತಿದ್ದಿ. ಆದರೆ ಮೊದಲ ಎರಡು ವಾಕ್ಯ ಹಾಗೇ ಇರಲಿ. ಅದು ಅವಳ ಮನಸ್ಸಿನ ಮಾತು. ‘ವಿಷಾದಿಸುತ್ತೇನೆ’ ಅಂತ ಹಾಕಿದರೆ ಆಫೀಸಿನ ನೋಟಿಸ್ ಆಗಿಬಿಡುತ್ತದೆ.

ನನಗೆ ಚುಚ್ಚುತ್ತಿರುವುದು ‘ತೊಂದರೆ ಆಗಿದ್ದರೆ’. ಪ್ರಿಂಟಿಂಗ್ ನಿಂತಿದೆ ಅಂತ ಅವಳೇ ಬರೆದ ಮೇಲೆ ತೊಂದರೆ ಆಗಿಯೇ ಇದೆ ಅಲ್ವಾ? ‘ನನ್ನಿಂದ ನಿಮಗೆ ತೊಂದರೆ ಆಯಿತು, ಕ್ಷಮಿಸಿ’ ಅಂದರೆ ಸಾಕೇ? ಕರೆಂಟ್ ಹೋಗಿದ್ದು ನಿಜ, ಆದರೂ ಸಾಲಾಗಿ ಓದಿದಾಗ ನೆಪದಂತೆ ಕೇಳುತ್ತದೆ. ಒಂದೇ ವಾಕ್ಯ ಮಾಡಿ ಕೊನೆಗೆ ಹಾಕಲೇ, ಪೂರ್ತಿ ತೆಗೆಯಲೇ?

ಇವತ್ತು ರಾತ್ರಿಯೊಳಗೆ ಕಳಿಸಬೇಕು. ದಯವಿಟ್ಟು ನೋಡಿ ಹೇಳಿ.