ಮಲಗುವ ಮುಂಚೆ ಹಾಲು, ಕ್ಯಾಮೊಮೈಲ್, ತಲೆಗೆ ಎಣ್ಣೆ: ನಿದ್ದೆಗೆ ಉಪಯೋಗ ಇದೆಯಾ?

ಪ್ರಶ್ನೆ, ಡೊಂಬಿವಲಿಯಿಂದ: ಅತ್ತೆಗೆ 67 ವರ್ಷ. ರಾತ್ರಿ ಹತ್ತೂವರೆಗೆ ಜಾಯಿಕಾಯಿ ತೇದು ಹಾಕಿದ ದೊಡ್ಡ ಲೋಟ ಹಾಲು, ಆಮೇಲೆ ಕ್ಯಾಮೊಮೈಲ್ ಟೀ, ತಲೆಗೆ ಕೊಬ್ಬರಿ ಎಣ್ಣೆ. ಮಲಗಿದ ತಕ್ಷಣ ನಿದ್ದೆ ಬರುತ್ತದೆ. ಆದರೆ ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಏಳುತ್ತಾರೆ. ಇದೆಲ್ಲ ಸುಮ್ನೆ ನಂಬಿಕೆಯಾ?

ಠಾಣೆಯ ಸದಸ್ಯರು: ಹಾಲಿನಲ್ಲಿ ಟ್ರಿಪ್ಟೊಫ್ಯಾನ್ ಅನ್ನೋ ಪ್ರೋಟೀನ್ ಅಂಶ ಇದೆ. ಮೈಯಲ್ಲಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಆಗುವುದು ಅದರಿಂದಲೇ. ಲೋಟ ಇನ್ನೂ ದೊಡ್ಡದು ಮಾಡಿ.

ನಿದ್ದೆಯ ವೈದ್ಯೆ, ಪುಣೆ: ಟ್ರಿಪ್ಟೊಫ್ಯಾನ್ ಇರೋದು ನಿಜ. ಆದರೆ ನಿದ್ದೆಗೆಂದು ಪರೀಕ್ಷೆ ಮಾಡಿದಾಗ ಒಂದು ಗ್ರಾಂ ಅಥವಾ ಜಾಸ್ತಿ ಕೊಟ್ಟಿದ್ದು ಹೆಚ್ಚು. ಒಂದು ಲೋಟ ಹಾಲಿನಲ್ಲಿ ಅದರ ಕಾಲು ಭಾಗವೂ ಸಿಗುವುದಿಲ್ಲ. ಹಾಲಿನ ಬೇರೆ ಪ್ರೋಟೀನ್ ಅಂಶಗಳೂ ಮೆದುಳಿಗೆ ಹೋಗಲು ಅದರ ಜೊತೆ ಪೈಪೋಟಿ ಮಾಡುತ್ತವೆ. ಹಾಗಾಗಿ ಲೋಟ ದೊಡ್ಡದು ಮಾಡಬೇಡಿ.

ಅತ್ತೆಯವರಿಗೆ ನಿದ್ದೆ ಹತ್ತುವ ತೊಂದರೆ ಇಲ್ಲ, ಅಲ್ವಾ? ಎದ್ದಾಗ ಮೂತ್ರಕ್ಕೆ ಹೋಗುತ್ತಾರಾ ಕೇಳಿ. ಹೌದಾದರೆ ನನ್ನ ಅನುಮಾನ ಆ ಹಾಲು, ಟೀ ಮೇಲೆ. ಎರಡೂ ಸೇರಿ ಅರ್ಧ ಲೀಟರ್ ಹತ್ತಿರ ಆಗುತ್ತದೆ. ಹಾಲನ್ನು ಅರ್ಧ ಲೋಟಕ್ಕಿಳಿಸಿ, ಎಂಟು ಗಂಟೆಯೊಳಗೆ ಕೊಡಿ. ಆಮೇಲೆ ಮಾತ್ರೆಗೆ ಬೇಕಾದಷ್ಟೇ ನೀರು. ಹತ್ತು ದಿನ ಎಷ್ಟು ಸಲ ಎದ್ದರು ಅಂತ ಬರೆದಿಡಿ. ಕಡಿಮೆಯಾಗದಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡುವಂಥದ್ದಾದರೆ ಬೆಳಿಗ್ಗೆಗೆ ಬದಲಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ನೀವೇ ಬದಲಿಸಬೇಡಿ. ಜಾಯಿಕಾಯಿ ಚಿಟಿಕೆ ಮೀರಬಾರದು. ಒಂದು ಚಮಚ ಹಾಕಿದರೆ ಎದೆ ಬಡಿತ, ವಾಂತಿ, ಗೊಂದಲ ಆಗಬಹುದು.

ಪ್ರಶ್ನೆ ಕೇಳಿದವರು: ಹೌದು ಮೇಡಂ, ಎರಡೂ ಸಲ ಮೂತ್ರಕ್ಕೇ. ಟೀ ಪೂರ್ತಿ ಬಿಡಬೇಕಾ?

ವೈದ್ಯೆ: ಕ್ಯಾಮೊಮೈಲ್ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು, ಫಲಿತಾಂಶವೂ ಒಂದೇ ಥರ ಇಲ್ಲ. ಸಂಜೆ ಆರಕ್ಕೆ ಕುಡಿಯಲಿ. ಪ್ಯಾಕೆಟ್ ಹಿಂದೆ ಓದಿ, ಕೆಲವದರಲ್ಲಿ ಗ್ರೀನ್ ಟೀ ಬೆರೆಸಿರುತ್ತಾರೆ, ಅದರಲ್ಲಿ ಕೆಫೀನ್ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕ್ಯಾಮೊಮೈಲ್ ಬೇಡವೇ ಬೇಡ.

ಮಡಗಾಂವ್ ಸದಸ್ಯೆ: ನಮ್ಮವರಿಗೆ ಎಳ್ಳೆಣ್ಣೆ ಹಚ್ಚಿದರೂ ಗೊರಕೆ ನಿಂತಿಲ್ಲ. ಯಾವ ಎಣ್ಣೆ ಒಳ್ಳೇದು?

ವೈದ್ಯೆ: ಗೊರಕೆಗೆ ಎಣ್ಣೆ ಮದ್ದಲ್ಲ ಅಕ್ಕಾ. ನಡುವೆ ಉಸಿರು ನಿಂತು, ಆಮೇಲೆ ಏದುಸಿರು ಬಿಡುತ್ತಾರಾ ಗಮನಿಸಿ. ಹಾಗಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ.

ಠಾಣೆಯ ಸದಸ್ಯರು: ಹಾಗಾದರೆ ಎಣ್ಣೆ ಸುಳ್ಳಾ? ನಮ್ಮಜ್ಜಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರೆ ಕೂತಲ್ಲೇ ತೂಕಡಿಕೆ ಬರುತ್ತಿತ್ತು.

ವೈದ್ಯೆ: ಅದರಲ್ಲಿ ಬಿಸಿನೀರಿನ ಪಾಲಿಗೆ ಒಳ್ಳೆಯ ಆಧಾರ ಇದೆ. ಮಲಗುವ ಒಂದೆರಡು ಗಂಟೆ ಮುಂಚೆ ಬೆಚ್ಚಗೆ ಸ್ನಾನ ಮಾಡಿದರೆ ಕೈಕಾಲಿಗೆ ರಕ್ತ ಹರಿದು ಮೈಯೊಳಗಿನ ಶಾಖ ಇಳಿಯುತ್ತದೆ, ನಿದ್ದೆ ಬೇಗ ಹತ್ತುತ್ತದೆ. ತಲೆ ತಿಕ್ಕಿದರೆ ಹಾಯೆನಿಸುತ್ತದೆ ನಿಜ. ಅದು ಎಣ್ಣೆಯ ಗುಣವಾ, ಕೈಯ ಗುಣವಾ ಅಂತ ಬೇರೆ ಮಾಡಿ ತೋರಿಸುವ ಗಟ್ಟಿ ಪರೀಕ್ಷೆ ನಾನು ನೋಡಿಲ್ಲ. ಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಡಬೇಡಿ, ಮುಂಬೈ ಸೆಕೆಗೆ ಅದು ಇನ್ನೂ ಜಾಸ್ತಿಯಾಗುತ್ತದೆ.