ಗುಣಾಂಕ −0.232 ಎಂದರೆ ಡಿಗ್ರಿಗೆ ಶೇ 23 ಇಳಿಕೆಯೇ? ನನ್ನ ಲೆಕ್ಕ ಕೂಡಿಬರುತ್ತಿಲ್ಲ

ಅಂಕಿಹುಳು:
ಚಾಲೆಂಜರ್ ಬಾಹ್ಯಾಕಾಶ ನೌಕೆಯ ಪ್ರಸಿದ್ಧ ದತ್ತಾಂಶ ಇಟ್ಟುಕೊಂಡು ಲಾಜಿಸ್ಟಿಕ್ ರಿಗ್ರೆಷನ್ ಕಲಿಯುತ್ತಿದ್ದೇನೆ. 1986ರ ಜನವರಿ 28ರ ದುರಂತಕ್ಕೆ ಮುಂಚಿನ 23 ಹಾರಾಟಗಳಿವೆ, ಅವುಗಳಲ್ಲಿ 7ರಲ್ಲಿ ರಾಕೆಟ್‌ನ ಸಂದು ಮುಚ್ಚುವ ರಬ್ಬರ್ ಓ-ರಿಂಗ್‌ಗೆ ಹಾನಿ ಕಂಡಿತ್ತು. ಉಡಾವಣೆಯ ತಾಪಮಾನ ಫ್ಯಾರನ್‌ಹೀಟ್‌ನಲ್ಲಿದೆ.

```
m <- glm(hani ~ temp, family = binomial)
# (Intercept) 15.0429   temp -0.2322
```

ತಾಪಮಾನ ಒಂದು ಡಿಗ್ರಿ ಏರಿದರೆ ಹಾನಿಯ ಸಂಭವನೀಯತೆ ಶೇ 23 ಇಳಿಯುತ್ತದೆ ಎಂದು ಬರೆದುಕೊಂಡೆ. 65 ಡಿಗ್ರಿಯಲ್ಲಿ ಮಾದರಿ 0.49 ಕೊಡುತ್ತದೆ. ಹಾಗಾದರೆ 66ರಲ್ಲಿ 0.26 ಬರಬೇಕಿತ್ತು, ಬಂದದ್ದು 0.43. ಎಲ್ಲಿ ಎಡವಿದೆ?

ಸಂಜೆಪಾಳಿ:
ಗುಣಾಂಕವನ್ನು ಹಾಗೆಯೇ ಓದಬಾರದು, exp ಹಾಕಬೇಕು. exp(-0.2322) ಎಂದರೆ 0.79. ಅಂದರೆ ಪ್ರತಿ ಡಿಗ್ರಿಗೂ ಸಂಭವನೀಯತೆ ಹಿಂದಿನದರ 0.79 ಪಟ್ಟು ಆಗುತ್ತದೆ. ಇಷ್ಟೇ.

ಅಂಕಿಹುಳು:
0.49ಕ್ಕೆ 0.79 ಗುಣಿಸಿದರೆ 0.39. ಆದರೂ 0.43 ಸಿಗಲಿಲ್ಲವಲ್ಲ?

ಹಳೇ ಮೇಷ್ಟ್ರು:
ಸಂಜೆಪಾಳಿಯವರು exp ಹಾಕಿದ್ದು ಸರಿ, ಗುಣಿಸಿದ್ದು ತಪ್ಪು ಸಂಖ್ಯೆಗೆ. 0.79 ಗುಣಿಸಬೇಕಾದದ್ದು ಆಡ್ಸ್‌ಗೆ.

ಕೈಯಲ್ಲೇ ಮಾಡಿ ನೋಡಿ. 65 ಡಿಗ್ರಿಯಲ್ಲಿ ಹಾನಿಯ ಸಂಭವನೀಯತೆ 0.488, ಹಾನಿಯಾಗದಿರುವುದು 0.512. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಡ್ಸ್ 0.953. ಇದನ್ನು 0.793ರಿಂದ ಗುಣಿಸಿ: 0.756. ಈಗ ಮರಳಿ ಸಂಭವನೀಯತೆಗೆ ಬರಲು ಆಡ್ಸ್ ಅನ್ನು, ಅದಕ್ಕೇ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. 0.756 ಭಾಗಿಸು 1.756, ಅಂದರೆ 0.43. ನಿಮ್ಮ ಉತ್ತರ ಬಂತು.

ಆಡ್ಸ್‌ನ ಸ್ವಾಭಾವಿಕ ಲಾಗರಿದಮ್ ತೆಗೆದುಕೊಂಡರೆ ಗುಣಾಕಾರ ಕೂಡುವಿಕೆಯಾಗುತ್ತದೆ. 65ರಲ್ಲಿ ಲಾಗ್ ಆಡ್ಸ್ −0.048, 66ರಲ್ಲಿ −0.280. ವ್ಯತ್ಯಾಸ −0.232, ಅದೇ ನಿಮ್ಮ ಗುಣಾಂಕ. 53ರಿಂದ 54ಕ್ಕೆ ಹೋದರೂ 80ರಿಂದ 81ಕ್ಕೆ ಹೋದರೂ ಈ ವ್ಯತ್ಯಾಸ ಬದಲಾಗದು. ಸಂಭವನೀಯತೆಯ ಇಳಿಕೆ ಮಾತ್ರ ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ.

ಸಂಜೆಪಾಳಿ:
ನಾನು 80 ಡಿಗ್ರಿಯಲ್ಲಿ ಪರೀಕ್ಷಿಸಿದ್ದೆ ಮೇಷ್ಟ್ರೇ. 0.0285 ಇದ್ದದ್ದು 81ರಲ್ಲಿ 0.0227 ಆಯಿತು. ನನ್ನ 0.79 ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಹಳೇ ಮೇಷ್ಟ್ರು:
ಅಲ್ಲಿ ಸರಿಹೋಗುತ್ತದೆ, ಅದೇ ಮೋಸ. ಸಂಭವನೀಯತೆ ತೀರಾ ಚಿಕ್ಕದಾದಾಗ ಹಾನಿಯಾಗದಿರುವ ಪಾಲು ಒಂದರ ಹತ್ತಿರ ಇರುತ್ತದೆ, ಹಾಗಾಗಿ ಭಾಗಿಸಿದರೂ ಆಡ್ಸ್ ಮತ್ತು ಸಂಭವನೀಯತೆ ಒಂದೇ ಥರ ಕಾಣುತ್ತವೆ. ಅರ್ಧದ ಆಸುಪಾಸಿಗೆ ಬಂದರೆ ಕೈಕೊಡುತ್ತದೆ. ಆ ಜಾಗಕ್ಕೆ ಬೇರೊಂದು ಅಂದಾಜಿದೆ: ಗುಣಾಂಕವನ್ನು ನಾಲ್ಕರಿಂದ ಭಾಗಿಸಿ. 0.232ರ ಕಾಲು ಭಾಗ 0.058. 0.488ರಿಂದ ಅದನ್ನು ಕಳೆದರೆ 0.43. ಒಂದು ಡಿಗ್ರಿಗೆ ಸಂಭವನೀಯತೆ ಇಳಿಯಬಹುದಾದ ಗರಿಷ್ಠ ಪ್ರಮಾಣ ಹೆಚ್ಚೂಕಡಿಮೆ ಅಷ್ಟೇ, ಬೇರೆಡೆಯಲ್ಲೆಲ್ಲ ಇನ್ನೂ ಕಡಿಮೆ.

ಮಲೆಮಳೆ:
ನನ್ನದೂ ಇದೇ ದತ್ತಾಂಶ. ಆದರೆ ಗುಣಾಂಕ −0.418 ಬಂದಿದೆ, exp ಹಾಕಿದರೆ 0.66. ಪ್ಯಾಕೇಜ್ ಹಳೆಯದಿರಬಹುದೇ? ಜೊತೆಗೆ predict ಋಣ ಸಂಖ್ಯೆ ಕೊಡುತ್ತಿದೆ. ಸಂಭವನೀಯತೆ ಋಣ ಹೇಗಾಗುತ್ತದೆ?

ಹಳೇ ಮೇಷ್ಟ್ರು:
ತಾಪಮಾನವನ್ನು ಸೆಲ್ಸಿಯಸ್‌ಗೆ ಬದಲಾಯಿಸಿಕೊಂಡಿದ್ದೀರಾ? ಒಂದು ಸೆಲ್ಸಿಯಸ್ ಡಿಗ್ರಿ ಎಂದರೆ 1.8 ಫ್ಯಾರನ್‌ಹೀಟ್ ಡಿಗ್ರಿ. 0.2322ಕ್ಕೆ 1.8 ಗುಣಿಸಿ ನೋಡಿ. ಇನ್ನು predict, ಏನೂ ಹೇಳದಿದ್ದರೆ ಲಾಗ್ ಆಡ್ಸ್ ಅನ್ನೇ ಕೊಡುತ್ತದೆ. ಅದು ಋಣವಾದರೆ ಸಂಭವನೀಯತೆ ಅರ್ಧಕ್ಕಿಂತ ಕಡಿಮೆ ಎಂದಷ್ಟೇ ಅರ್ಥ.

```
predict(m, data.frame(temp = 65), type = "response")
```

temp ಜಾಗದಲ್ಲಿ ನಿಮ್ಮ ಸೆಲ್ಸಿಯಸ್ ಸಂಖ್ಯೆ ಹಾಕಿ, 65 ಹಾಕಬೇಡಿ.

ಮಲೆಮಳೆ:
ಹೌದು, ಬದಲಾಯಿಸಿದ್ದೆ, ಮರೆತೇಬಿಟ್ಟಿದ್ದೆ.

ಅಂಕಿಹುಳು:
ನನ್ನದು ಬಗೆಹರಿಯಿತು. ಕೊನೆಯದೊಂದು: ದುರಂತದ ದಿನದ 31 ಡಿಗ್ರಿ ಹಾಕಿದರೆ 0.9996 ಬರುತ್ತದೆ. ವರದಿಯಲ್ಲಿ ಹಾಗೆಯೇ ಬರೆಯಲೇ?

ಹಳೇ ಮೇಷ್ಟ್ರು:
ನಾನಾದರೆ ಬರೆಯುವುದಿಲ್ಲ. ದತ್ತಾಂಶದ ಅತಿ ತಂಪಿನ ಹಾರಾಟ 53 ಡಿಗ್ರಿಯದು. ಅದರ ಕೆಳಗೆ ಇನ್ನೂ 22 ಡಿಗ್ರಿವರೆಗೆ ಲಾಗ್ ಆಡ್ಸ್ ಅದೇ ಸರಳರೇಖೆಯಲ್ಲಿ ಏರುತ್ತದೆ ಎನ್ನುವುದು ನಿಮ್ಮ ಊಹೆ, ಅಳತೆಯಲ್ಲ. ಗುಣಾಂಕದ ಪ್ರಮಾಣ ದೋಷವೂ 0.108 ಇದೆ. ಡಿಗ್ರಿಗೆ 0.79 ಎಂದ ಗುಣಕ, ಶೇ 95ರ ಅಂತರದಲ್ಲಿ 0.64ರಿಂದ 0.98ರವರೆಗೆ ಎಲ್ಲಿಯಾದರೂ ಇರಬಹುದು.

ಸಂಜೆಪಾಳಿ:
ಇದನ್ನು ನಾನು ಒಪ್ಪುವುದಿಲ್ಲ. ಚಳಿಗೆ ರಬ್ಬರ್ ಗಡುಸಾಗಿ ಸಂದನ್ನು ಬೇಗ ಮುಚ್ಚಲಾರದು ಎಂಬ ಭೌತಿಕ ಕಾರಣ ಇಲ್ಲಿದೆ. ನಾಲ್ಕು ದಶಮಾಂಶ ಸ್ಥಾನ ಬೇಡ, ಆದರೆ ಅಪಾಯ 53 ಡಿಗ್ರಿಗಿಂತ ಹೆಚ್ಚು ಎಂದಾದರೂ ಬರೆಯಲೇಬೇಕು.

ಹಳೇ ಮೇಷ್ಟ್ರು:
ದಿಕ್ಕು ಬರೆಯಿರಿ, ತಕರಾರಿಲ್ಲ. ನನ್ನ ತಕರಾರು ಆ 0.9996ರ ಮೇಲೆ.